ಚೆಂಡಿನ ಸುತ್ತು, ಬ್ಯಾಟಿನ ಸುಳಿವು

ಹೇಮಾವತಿಯ ದಡದ ಗೊರೂರಿನಲ್ಲಾಗಲಿ, ಹಾಸನ ಸೀಮೆಯ ಬೇರೆ ಯಾವ ಊರಿನಲ್ಲಾಗಲಿ, ಬುಗುರಿ ಆಡಿ ಬೆಳೆದವರಿಗೆ ಒಂದು ಸಂಗತಿ ತಿಳಿದಿರುತ್ತದೆ. ನೆಲದ ಮೇಲೆ ಬಿರುಸಾಗಿ ತಿರುಗುತ್ತಿರುವ ಬುಗುರಿಯನ್ನು ನೋಡಿದರೆ ಅದು ಎಡಕ್ಕೆ ಸುತ್ತುತ್ತಿದೆಯೋ ಬಲಕ್ಕೆ ಸುತ್ತುತ್ತಿದೆಯೋ ಹೇಳುವುದು ಕಷ್ಟ. ವೇಗ ಹೆಚ್ಚಿದಷ್ಟೂ ಅದು ನಿಂತಲ್ಲೇ ನಿದ್ದೆಮಾಡುತ್ತಿರುವಂತೆ ಕಾಣುತ್ತದೆ. ಆದರೆ ಆಡುವವನು ಚಾಟಿಯನ್ನು ಯಾವ ಕಡೆಯಿಂದ ಸುತ್ತಿದನು, ಯಾವ ಕಡೆಗೆ ಸೆಳೆದನು ಎಂಬುದನ್ನು ನೋಡಿಕೊಂಡವನಿಗೆ ಬುಗುರಿಯನ್ನು ನೋಡಬೇಕಾದ ಅಗತ್ಯವೇ ಇಲ್ಲ. ಸುತ್ತಿನ ದಿಕ್ಕನ್ನು ನಿರ್ಧರಿಸಿದ್ದು ಚಾಟಿ. ಉತ್ತರವೂ ಚಾಟಿಯಲ್ಲಿಯೇ ಇದೆ.

ಟೇಬಲ್ ಟೆನಿಸ್ ಆಟದಲ್ಲಿ ಆಟಗಾರನ ಮುಂದಿರುವ ಸಮಸ್ಯೆಯೂ ಇಂಥದೇ. ಎದುರಿನಿಂದ ಬರುವ ಚೆಂಡು ಒಂದು ಸೆಕೆಂಡಿಗೆ ಹತ್ತಾರು ಸುತ್ತು ತಿರುಗುತ್ತ ಬರುತ್ತದೆ. ಅದರ ಮೈ ನುಣುಪು, ಬಣ್ಣ ಒಂದೇ. ನೋಡುವವನ ಕಣ್ಣಿಗೆ ಅದೊಂದು ಬಿಳಿಯ ಗುಂಡು, ಅಷ್ಟೆ. ಆದರೂ ಅದು ಹೇಗೆ ತಿರುಗುತ್ತಿದೆ ಎಂಬುದನ್ನು ಅರಿಯದೆ ಬ್ಯಾಟು ಒಡ್ಡಿದರೆ ಚೆಂಡು ಬಲೆಗೆ ಬೀಳುತ್ತದೆ, ಇಲ್ಲವೆ ಮೇಜನ್ನು ದಾಟಿ ಹಾರುತ್ತದೆ. ಆದುದರಿಂದ ನುರಿತ ಆಟಗಾರರು ಚೆಂಡಿನಲ್ಲಿ ಕಾಣದುದನ್ನು ಎದುರಾಳಿಯ ಬ್ಯಾಟಿನಲ್ಲಿ ಓದುತ್ತಾರೆ. ಈ ಓದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ತಿಳಿಯಬೇಕಾದರೆ, ಮೊದಲು ಚೆಂಡಿಗೆ ಸುತ್ತು ಬರುವುದೇ ಹೇಗೆ ಎಂಬುದನ್ನು ನೋಡಬೇಕು.

ಟೇಬಲ್ ಟೆನಿಸ್ ಮೇಜಿನ ಉದ್ದ 274 ಸೆಂಟಿಮೀಟರು, ಅಗಲ 152.5 ಸೆಂಟಿಮೀಟರು. ನಡುವಿನ ಬಲೆಯ ಎತ್ತರ 15.25 ಸೆಂಟಿಮೀಟರು. ಚೆಂಡಿನ ವ್ಯಾಸ 40 ಮಿಲಿಮೀಟರು. ತೂಕ ಕೇವಲ 2.7 ಗ್ರಾಂ. ಬ್ಯಾಟು ಮರದ ಹಲಗೆ. ಅದರ ಮೈಗೆ ತೆಳುವಾದ ಸ್ಪಂಜನ್ನೂ ಅದರ ಮೇಲೆ ರಬ್ಬರಿನ ಹಾಳೆಯನ್ನೂ ಅಂಟಿಸಿರುತ್ತಾರೆ. ಬ್ಯಾಟು ಚೆಂಡಿನ ನಡುವಿಗೆ ನೇರವಾಗಿ ಬಡಿದರೆ ಚೆಂಡು ಮುಂದಕ್ಕೆ ಹಾರುವುದೇ ಹೊರತು ತಿರುಗುವುದಿಲ್ಲ. ಬ್ಯಾಟು ಚೆಂಡಿನ ಮೈಯನ್ನು ಸವರಿಕೊಂಡು ಹೋದಾಗ, ರಬ್ಬರು ಆ ನುಣುಪಾದ ಮೈಯನ್ನು ಕಚ್ಚಿಹಿಡಿದು ತನ್ನೊಡನೆ ಎಳೆಯುತ್ತದೆ. ಈ ಹಿಡಿತ ಇರುವುದು ಸುಮಾರು ಒಂದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಕಾಲ ಮಾತ್ರ. ಬುಗುರಿಗೆ ಚಾಟಿ ಮಾಡುವ ಕೆಲಸವನ್ನು ಇಲ್ಲಿ ರಬ್ಬರು ಮಾಡುತ್ತದೆ.

ಬ್ಯಾಟು ಯಾವ ಕಡೆಗೆ ಸವರಿತೆಂಬುದರ ಮೇಲೆ ಸುತ್ತಿನ ಬಗೆ ನಿಲ್ಲುತ್ತದೆ. ಬ್ಯಾಟು ಚೆಂಡಿನ ಹಿಂಬದಿಯನ್ನು ಕೆಳಗಿನಿಂದ ಮೇಲಕ್ಕೆ ಸವರಿದರೆ ಚೆಂಡಿನ ಮೇಲ್ಭಾಗ ಮುಂದಕ್ಕೆ ಉರುಳುತ್ತ ಸಾಗುತ್ತದೆ. ಇದು ಟಾಪ್ ಸ್ಪಿನ್. ಮೇಲಿನಿಂದ ಕೆಳಕ್ಕೆ ಸವರಿದರೆ ಚೆಂಡಿನ ಮೇಲ್ಭಾಗ ಹಿಂದಕ್ಕೆ, ಅಂದರೆ ಹೊಡೆದವನ ಕಡೆಗೆ, ಸುತ್ತುತ್ತದೆ. ಇದು ಬ್ಯಾಕ್ ಸ್ಪಿನ್. ಎಡಕ್ಕೋ ಬಲಕ್ಕೋ ಅಡ್ಡಲಾಗಿ ಸವರಿದರೆ ಚೆಂಡು ಬುಗುರಿಯಂತೆ ನೆಟ್ಟಗಿನ ಅಕ್ಷದ ಮೇಲೆ ತಿರುಗುತ್ತದೆ. ಇದು ಸೈಡ್ ಸ್ಪಿನ್. ಆಟದಲ್ಲಿ ಇವು ಶುದ್ಧರೂಪದಲ್ಲಿ ಕಾಣುವುದು ಅಪರೂಪ. ಎರಡು ಬಗೆಗಳು ಬೆರೆತೇ ಬರುತ್ತವೆ. ಆದರೆ ಬಿಡಿಬಿಡಿಯಾಗಿ ತಿಳಿದುಕೊಂಡವನಿಗೆ ಬೆರಕೆಯನ್ನು ತಿಳಿಯುವುದು ಕಷ್ಟವಲ್ಲ.

ತಿರುಗುವ ಚೆಂಡು ಮೂರು ಎಡೆಗಳಲ್ಲಿ ತನ್ನ ಗುಣವನ್ನು ತೋರಿಸುತ್ತದೆ: ಗಾಳಿಯಲ್ಲಿ, ಮೇಜಿನ ಮೇಲೆ ಮತ್ತು ಎದುರಾಳಿಯ ಬ್ಯಾಟಿನ ಮೇಲೆ. ಗಾಳಿಯಲ್ಲಿ ಆಗುವುದನ್ನು ಜರ್ಮನಿಯ ವಿಜ್ಞಾನಿ ಮ್ಯಾಗ್ನಸನ ಹೆಸರಿನಿಂದ ಮ್ಯಾಗ್ನಸ್ ಪರಿಣಾಮ ಎಂದು ಕರೆಯುತ್ತಾರೆ. ತಿರುಗುವ ಚೆಂಡು ತನ್ನ ಸುತ್ತಲಿನ ಗಾಳಿಯನ್ನು ಒಂದು ಪಕ್ಕಕ್ಕೆ ತಳ್ಳುತ್ತದೆ; ಗಾಳಿಯು ಪ್ರತಿಯಾಗಿ ಚೆಂಡನ್ನು ಇನ್ನೊಂದು ಪಕ್ಕಕ್ಕೆ ತಳ್ಳುತ್ತದೆ. ಇದರ ಫಲವಾಗಿ ಟಾಪ್ ಸ್ಪಿನ್ ಪಡೆದ ಚೆಂಡು ಬೇಗನೆ ಕೆಳಕ್ಕೆ ಬಾಗುತ್ತದೆ. ಬ್ಯಾಕ್ ಸ್ಪಿನ್ ಪಡೆದ ಚೆಂಡು ತೇಲಿದಂತೆ ಸಾಗುತ್ತದೆ. ಸೈಡ್ ಸ್ಪಿನ್ ಪಡೆದದ್ದು ಪಕ್ಕಕ್ಕೆ ಹೊರಳುತ್ತದೆ. ಕ್ರಿಕೆಟ್ ಚೆಂಡು ಟೇಬಲ್ ಟೆನಿಸ್ ಚೆಂಡಿಗಿಂತ ಸುಮಾರು ಅರುವತ್ತರಷ್ಟು ಭಾರವಾದುದು. ಅದನ್ನು ಬಾಗಿಸಬೇಕಾದರೆ ಗಾಳಿಗೆ ಬಹಳ ಶ್ರಮ. 2.7 ಗ್ರಾಂ ತೂಕದ ಹಗುರವಾದ ಚೆಂಡನ್ನಾದರೋ ಗಾಳಿಯು ಸುಲಭವಾಗಿ ತನ್ನ ದಾರಿಗೆ ಎಳೆದುಕೊಳ್ಳುತ್ತದೆ.

ಮೇಜಿನ ಮೇಲೆ ಆಗುವುದನ್ನು ಒಂದು ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಒಬ್ಬನು ಸರ್ವಿಸ್ ಮಾಡಿದ ಚೆಂಡು ಸೆಕೆಂಡಿಗೆ 4 ಮೀಟರು ವೇಗದಲ್ಲಿ ಎದುರಾಳಿಯ ಪಾಳಿಯ ಮೇಜಿಗೆ ಬಂದು ಬೀಳುತ್ತದೆ ಎಂದೂ, ಅದು ಸೆಕೆಂಡಿಗೆ 50 ಸುತ್ತು ತಿರುಗುತ್ತಿದೆ ಎಂದೂ ಭಾವಿಸಬಹುದು. 40 ಮಿಲಿಮೀಟರು ವ್ಯಾಸದ ಚೆಂಡಿನ ಸುತ್ತಳತೆ ಸುಮಾರು 12.6 ಸೆಂಟಿಮೀಟರು. ಒಂದು ಸೆಕೆಂಡಿನಲ್ಲಿ 50 ಸುತ್ತು ಎಂದರೆ ಚೆಂಡಿನ ಮೈ ಸೆಕೆಂಡಿಗೆ 6.3 ಮೀಟರು ವೇಗದಲ್ಲಿ ಓಡುತ್ತಿದೆ ಎಂದಾಯಿತು. ಚೆಂಡು ಸಾಗುವ ವೇಗಕ್ಕಿಂತ ಅದರ ಮೈ ತಿರುಗುವ ವೇಗವೇ ಹೆಚ್ಚು!

ಇದು ಬ್ಯಾಕ್ ಸ್ಪಿನ್ ಆಗಿದ್ದರೆ ಚೆಂಡಿನ ತಳಭಾಗ ಮುಂದಕ್ಕೆ ಓಡುತ್ತಿರುತ್ತದೆ. ಚೆಂಡಿನ 4 ಮೀಟರಿಗೆ ಮೈಯ 6.3 ಮೀಟರು ಕೂಡಿ, ತಳವು ಸೆಕೆಂಡಿಗೆ 10.3 ಮೀಟರು ವೇಗದಿಂದ ಮೇಜನ್ನು ಮುಂದಕ್ಕೆ ಉಜ್ಜುತ್ತದೆ. ಘರ್ಷಣೆ ಯಾವಾಗಲೂ ಉಜ್ಜುವಿಕೆಗೆ ಎದುರಾಗಿ ಕೆಲಸ ಮಾಡುವುದರಿಂದ ಚೆಂಡನ್ನು ಹಿಂದಕ್ಕೆ ಹಿಡಿದೆಳೆಯುತ್ತದೆ. ಚೆಂಡು ಬಿದ್ದ ಕೂಡಲೇ ಹಿಂಜರಿದಂತೆ ನಿಧಾನವಾಗುತ್ತದೆ. ಅದೇ ಚೆಂಡು ಟಾಪ್ ಸ್ಪಿನ್ ಪಡೆದಿದ್ದರೆ ತಳಭಾಗ ಹಿಂದಕ್ಕೆ ಓಡುತ್ತಿರುತ್ತದೆ. 6.3ರಲ್ಲಿ 4 ಕಳೆದರೆ ಉಳಿಯುವ 2.3 ಮೀಟರು ವೇಗದಲ್ಲಿ ತಳವು ಮೇಜನ್ನು ಹಿಂದಕ್ಕೆ ಉಜ್ಜುತ್ತದೆ. ಘರ್ಷಣೆ ಚೆಂಡನ್ನು ಮುಂದಕ್ಕೆ ನೂಕುತ್ತದೆ. ಬಿದ್ದ ಚೆಂಡು ಯಾರೋ ಹಿಂದಿನಿಂದ ತಳ್ಳಿದಂತೆ ಚಿಮ್ಮಿ ಮೈಮೇಲೆ ಬರುತ್ತದೆ. ಬಂದ ವೇಗ ಒಂದೇ, ಬಿದ್ದ ಸ್ಥಳ ಒಂದೇ. ಆದರೆ ಒಂದು ಚೆಂಡು ತಡೆಯುತ್ತದೆ, ಇನ್ನೊಂದು ನುಗ್ಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಮೂರನೆಯದು, ಬ್ಯಾಟಿನ ಮೇಲೆ ಆಗುವ ಪರಿಣಾಮ. ಬ್ಯಾಕ್ ಸ್ಪಿನ್ ಚೆಂಡಿನಲ್ಲಿ, ತೆಗೆದುಕೊಳ್ಳುವವನ ಕಡೆಗಿರುವ ಮುಂಬದಿಯು ಕೆಳಗಿನಿಂದ ಮೇಲಕ್ಕೆ ಓಡುತ್ತಿರುತ್ತದೆ. ಅವನು ಬ್ಯಾಟನ್ನು ಗೋಡೆಯಂತೆ ನೆಟ್ಟಗೆ ಹಿಡಿದನೆಂದರೆ, ಮೇಲಕ್ಕೆ ಓಡುವ ಆ ಮೈ ರಬ್ಬರನ್ನು ಮೇಲಕ್ಕೆ ಉಜ್ಜುತ್ತದೆ. ರಬ್ಬರು ಪ್ರತಿಯಾಗಿ ಚೆಂಡನ್ನು ಕೆಳಕ್ಕೆ ತಳ್ಳುತ್ತದೆ. ಚೆಂಡು ಬಲೆಗೆ ಬೀಳುತ್ತದೆ. ಟಾಪ್ ಸ್ಪಿನ್ ಚೆಂಡಿನಲ್ಲಿ ಇದಕ್ಕೆ ವಿರುದ್ಧವಾಗಿ ಮುಂಬದಿ ಕೆಳಕ್ಕೆ ಓಡುತ್ತಿರುವುದರಿಂದ ಚೆಂಡು ಬ್ಯಾಟಿನಿಂದ ಮೇಲಕ್ಕೆ ನೆಗೆದು ಮೇಜಿನಾಚೆ ಹೋಗುತ್ತದೆ.

ಈ ಎರಡು ಸಂಗತಿಗಳನ್ನು ಅವುಗಳ ಹುಟ್ಟಿನೊಡನೆ ಜೋಡಿಸಿ ನೋಡಿದಾಗ ಒಂದು ಸರಳವಾದ ಸೂತ್ರ ಹೊರಡುತ್ತದೆ. ಬ್ಯಾಕ್ ಸ್ಪಿನ್ ಕೊಟ್ಟವನ ಬ್ಯಾಟು ಕೆಳಕ್ಕೆ ಚಲಿಸಿತ್ತು. ಚೆಂಡು ತೆಗೆದುಕೊಳ್ಳುವವನ ಬ್ಯಾಟಿನಿಂದ ಕೆಳಕ್ಕೆ ಜಾರಿತು. ಟಾಪ್ ಸ್ಪಿನ್ ಕೊಟ್ಟವನ ಬ್ಯಾಟು ಮೇಲಕ್ಕೆ ಚಲಿಸಿತ್ತು. ಚೆಂಡು ಮೇಲಕ್ಕೆ ನೆಗೆಯಿತು. ಅಡ್ಡ ಸುತ್ತಿಗೂ ಇದೇ ಮಾತು ಸಲ್ಲುತ್ತದೆ. ಎದುರಾಳಿಯ ಬ್ಯಾಟು ಅವನ ಬಲದಿಂದ ಎಡಕ್ಕೆ ಸವರಿದ್ದರೆ, ಚೆಂಡು ಅವನ ಎಡಗಡೆಗೇ ಓಡಿಹೋಗುತ್ತದೆ. ಅಂದರೆ, ಎದುರಾಳಿಯ ಬ್ಯಾಟು ಚೆಂಡನ್ನು ಮುಟ್ಟುವಾಗ ಯಾವ ಕಡೆಗೆ ಚಲಿಸುತ್ತಿತ್ತೋ ಅದೇ ಕಡೆಗೆ ಚೆಂಡು ನಮ್ಮ ಬ್ಯಾಟನ್ನು ಬಿಟ್ಟು ಹೋಗಲು ಬಯಸುತ್ತದೆ. ಆದುದರಿಂದ ಅವನ ಬ್ಯಾಟು ಎಲ್ಲಿಂದ ಹೊರಟಿತೋ ಆ ಕಡೆಗೆ ನಮ್ಮ ಬ್ಯಾಟಿನ ಮುಖವನ್ನು ತಿರುಗಿಸಬೇಕು. ಮೇಲಿನಿಂದ ಕೆಳಕ್ಕೆ ಬಂದಿದ್ದರೆ ಮುಖ ಮೇಲಕ್ಕೆ. ಕೆಳಗಿನಿಂದ ಮೇಲಕ್ಕೆ ಹೋಗಿದ್ದರೆ ಮುಖ ಕೆಳಕ್ಕೆ. ಅವನ ಬಲದಿಂದ ಹೊರಟಿದ್ದರೆ ಮುಖ ಅವನ ಬಲಗಡೆಗೆ. ಭೌತವಿಜ್ಞಾನದ ಲೆಕ್ಕವನ್ನೆಲ್ಲ ಆಟದ ಹೊತ್ತಿನಲ್ಲಿ ಯಾರೂ ಮಾಡಲಾರರು. ಈ ಒಂದು ಸೂತ್ರವನ್ನು ಮಾತ್ರ ಮೈಗೂಡಿಸಿಕೊಳ್ಳಬಹುದು.

ಸೂತ್ರ ಸರಳವಾದರೂ ಕಾಲ ಬಹಳ ಕಡಿಮೆ. ಸೆಕೆಂಡಿಗೆ 5 ಮೀಟರು ವೇಗದ ಚೆಂಡು ಮೇಜಿನ ಉದ್ದವನ್ನು ದಾಟಲು ಅರ್ಧ ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. 15 ಮೀಟರು ವೇಗದ ಹೊಡೆತವಾದರೆ ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಚೆಂಡು ಮೇಜಿನ ಮೇಲೆ ಬಿದ್ದು ತನ್ನ ಗುಣವನ್ನು ತೋರಿಸಿದ ಬಳಿಕ ಬ್ಯಾಟು ತಿರುಗಿಸುತ್ತೇನೆಂದರೆ ಆಗುವುದಿಲ್ಲ. ಹೀಗಾಗಿ ಓದು ಚೆಂಡು ಹೊರಡುವುದಕ್ಕೆ ಮುಂಚೆಯೇ, ಎದುರಾಳಿಯ ಬ್ಯಾಟಿನಲ್ಲಿ ಆರಂಭವಾಗಬೇಕು. ಕ್ರಿಕೆಟ್ಟಿನಲ್ಲಿಯೂ ಇದು ಉಂಟು. ಮೈಸೂರಿನ ಬಿ. ಎಸ್. ಚಂದ್ರಶೇಖರ್ ಚೆಂಡೆಸೆಯುವಾಗ ದಾಂಡಿಗರು ಅದು ಲೆಗ್ ಬ್ರೇಕೋ ಗೂಗ್ಲಿಯೋ ಎಂಬುದನ್ನು ತಿಳಿಯಲು ಅವರ ಮಣಿಕಟ್ಟನ್ನೇ ನೋಡುತ್ತಿದ್ದರು. ಕ್ರಿಕೆಟ್ಟಿನಲ್ಲಿ ಮಣಿಕಟ್ಟು ಹೇಳುವುದನ್ನು ಇಲ್ಲಿ ಬ್ಯಾಟು ಹೇಳುತ್ತದೆ.

ಸರ್ವಿಸನ್ನು ಎದುರಿಸುವವನ ಉದಾಹರಣೆಯನ್ನು ಬಿಡಿಸಿ ನೋಡಬಹುದು. ಲೋಲಕದ ಸರ್ವಿಸ್ ಎಂಬುದು ಬಹು ಬಳಕೆಯಲ್ಲಿರುವ ಒಂದು ಬಗೆ. ಬಲಗೈ ಆಟಗಾರನು ಮೇಜಿನ ಎಡಮೂಲೆಯಲ್ಲಿ ಓರೆಯಾಗಿ ನಿಂತು, ಬ್ಯಾಟಿನ ತಲೆಯನ್ನು ಕೆಳಮುಖವಾಗಿ ತೂಗುಬಿಟ್ಟು, ಗಡಿಯಾರದ ಲೋಲಕದಂತೆ ಬಲದಿಂದ ಎಡಕ್ಕೆ ಬೀಸುತ್ತಾನೆ. ಲೋಲಕವು ಮೊದಲು ಕೆಳಕ್ಕೆ ಇಳಿಯುತ್ತದೆ, ತಳವನ್ನು ಮುಟ್ಟುತ್ತದೆ, ಅನಂತರ ಮೇಲಕ್ಕೆ ಏರುತ್ತದೆ. ಬೀಸು ಒಂದೇ. ಆದರೆ ಬ್ಯಾಟು ಇಳಿಯುತ್ತಿರುವಾಗ ಚೆಂಡನ್ನು ಮುಟ್ಟಿದರೆ ಅಡ್ಡ ಸುತ್ತಿನೊಡನೆ ಬ್ಯಾಕ್ ಸ್ಪಿನ್ ಬೆರೆಯುತ್ತದೆ. ತಳದಲ್ಲಿ ಮುಟ್ಟಿದರೆ ಬರಿಯ ಅಡ್ಡ ಸುತ್ತು. ಏರುತ್ತಿರುವಾಗ ಮುಟ್ಟಿದರೆ ಟಾಪ್ ಸ್ಪಿನ್ ಬೆರೆತ ಅಡ್ಡ ಸುತ್ತು. ದೂರದಿಂದ ನೋಡುವವರಿಗೆ ಮೂರೂ ಒಂದೇ ಸರ್ವಿಸು. ಓದಬಲ್ಲವನಿಗೆ ಮೂರು ಬೇರೆಬೇರೆ ಪ್ರಶ್ನೆಗಳು.

ಇಲ್ಲಿ ಓದುವವನು ನೋಡಬೇಕಾದದ್ದು ಬೀಸಿನ ಆರಂಭವನ್ನಲ್ಲ, ಕೊನೆಯನ್ನೂ ಅಲ್ಲ. ಬ್ಯಾಟು ಚೆಂಡನ್ನು ಮುಟ್ಟಿದ ಆ ಕ್ಷಣವನ್ನು. ಚೆಂಡು ಬ್ಯಾಟನ್ನು ಬಿಟ್ಟ ಮೇಲೆ ಬ್ಯಾಟು ಏನು ಮಾಡಿದರೂ ಸುತ್ತು ಬದಲಾಗುವುದಿಲ್ಲ. ಸರ್ವಿಸ್ ಮಾಡುವವನು ಮೋಸಗೊಳಿಸುವುದು ಇಲ್ಲಿಯೇ. ಇಳಿಯುತ್ತಿರುವಾಗ ಚೆಂಡನ್ನು ಸವರಿ, ಒಡನೆಯೇ ಬ್ಯಾಟನ್ನು ರಭಸದಿಂದ ಮೇಲಕ್ಕೆತ್ತುತ್ತಾನೆ. ಆ ಮೇಲೆತ್ತುವಿಕೆಯನ್ನು ನಂಬಿದವನು ಟಾಪ್ ಸ್ಪಿನ್ ಎಂದುಕೊಂಡು ಬ್ಯಾಟಿನ ಮುಖವನ್ನು ಕೆಳಕ್ಕೆ ಬಾಗಿಸುತ್ತಾನೆ. ಚೆಂಡು ಸೀದಾ ಬಲೆಗೆ ಬೀಳುತ್ತದೆ. ಮೇಲಕ್ಕೆ ಎತ್ತರವಾಗಿ ಚಿಮ್ಮಿಸಿದ ಚೆಂಡೂ ಒಂದು ಬಲೆಯೇ. ಎದುರಾಳಿಯ ಕಣ್ಣು ಚೆಂಡನ್ನು ಹಿಂಬಾಲಿಸಿ ಮೇಲೇರುತ್ತದೆ. ಅದು ಕೆಳಗಿಳಿದು ಬರುವಷ್ಟರಲ್ಲಿ ಮುಟ್ಟುವ ಕ್ಷಣ ಮುಗಿದಿರುತ್ತದೆ. ಅನುಭವಿಗಳು ಚೆಂಡು ಕೆಳಗಿಳಿಯುತ್ತಿರುವಾಗಲೇ ದೃಷ್ಟಿಯನ್ನು ಬ್ಯಾಟಿನ ಬಳಿಗೆ ತಂದು ಕಾಯುತ್ತಾರೆ.

ದಿಕ್ಕು ತಿಳಿದರೆ ಸಾಲದು. ಸುತ್ತಿನ ಪ್ರಮಾಣವೂ ತಿಳಿಯಬೇಕು. ಇದನ್ನು ಬ್ಯಾಟಿನ ವೇಗದಿಂದ ಊಹಿಸಬೇಕು. ಬ್ಯಾಟು ಎಷ್ಟು ವೇಗವಾಗಿ, ಎಷ್ಟು ತೆಳುವಾಗಿ ಸವರಿತೋ ಸುತ್ತು ಅಷ್ಟು ಹೆಚ್ಚು. ಮುಟ್ಟಿದ ಸ್ಥಳವೂ ಮುಖ್ಯ. ಮಣಿಕಟ್ಟು ತಿರುಗುವಾಗ ಬ್ಯಾಟಿನ ತುದಿ ಹೆಚ್ಚು ದೂರ ಓಡುತ್ತದೆ, ಹಿಡಿಯ ಬಳಿಯ ಭಾಗ ಕಡಿಮೆ ಓಡುತ್ತದೆ. ಬಾಗಿಲಿನ ಹೊರಅಂಚು ಕೀಲಿನ ಬಳಿಯ ಭಾಗಕ್ಕಿಂತ ವೇಗವಾಗಿ ಚಲಿಸುವ ಹಾಗೆ. ಆದುದರಿಂದ ಅದೇ ಬೀಸಿನಲ್ಲಿ ಚೆಂಡನ್ನು ಹಿಡಿಯ ಬಳಿ ಮುಟ್ಟಿಸಿದರೆ ಸುತ್ತೇ ಇಲ್ಲದ ಚೆಂಡು ಹೊರಡುತ್ತದೆ. ಕಣ್ಣಿಗೆ ಬಿರುಸಾದ ಬ್ಯಾಕ್ ಸ್ಪಿನ್, ವಾಸ್ತವದಲ್ಲಿ ಏನೂ ಇಲ್ಲ! ಇದನ್ನು ನಂಬಿ ಮುಖವನ್ನು ಮೇಲಕ್ಕೆ ತೆರೆದವನ ಬ್ಯಾಟಿನಿಂದ ಚೆಂಡು ಎತ್ತರಕ್ಕೆ ಎದ್ದು, ಎದುರಾಳಿಗೆ ಸ್ಮ್ಯಾಷ್ ಮಾಡಲು ಒಪ್ಪಿಸಿದಂತೆ ಆಗುತ್ತದೆ.

ಇಂಥಲ್ಲಿ ಕಣ್ಣಿಗೆ ಕಿವಿ ನೆರವಾಗುತ್ತದೆ. ತೆಳುವಾಗಿ ಸವರಿದಾಗ ಸದ್ದು ಮೆತ್ತಗಿರುತ್ತದೆ. ದಪ್ಪವಾಗಿ ಬಡಿದಾಗ ಮರದ ಸದ್ದು ಕೇಳುತ್ತದೆ. ಚೆಂಡೂ ತನ್ನ ಪಾಲಿನ ಸಾಕ್ಷ್ಯವನ್ನು ಒದಗಿಸುತ್ತದೆ. ಪ್ರತಿಯೊಂದು ಚೆಂಡಿನ ಮೇಲೂ ತಯಾರಕರ ಮುದ್ರೆ ಇರುತ್ತದೆ. ಹಾರಿಬರುವಾಗ ಆ ಮುದ್ರೆ ಕಣ್ಣಿಗೆ ಕಂಡರೆ ಸುತ್ತು ಕಡಿಮೆ. ಅಳಿಸಿಹೋದಂತಿದ್ದರೆ ಸುತ್ತು ಹೆಚ್ಚು. ಆದರೆ ಇವು ಪೋಷಕ ಸಾಕ್ಷಿಗಳು ಮಾತ್ರ. ಮೊದಲ ಸಾಕ್ಷಿ ಬ್ಯಾಟೇ.

ಓದಿನಲ್ಲಿ ತಪ್ಪಾದಾಗ, ಆ ತಪ್ಪೇ ಮುಂದಿನ ಸಲಕ್ಕೆ ಪಾಠವನ್ನು ಹೇಳುತ್ತದೆ. ಹಿಂದಿರುಗಿಸಿದ ಚೆಂಡು ಬಲೆಗೆ ಬಿದ್ದಿದ್ದರೆ, ಇದ್ದುದಕ್ಕಿಂತ ಕಡಿಮೆ ಬ್ಯಾಕ್ ಸ್ಪಿನ್ ಎಣಿಸಲಾಗಿತ್ತು. ಎತ್ತರಕ್ಕೆ ಎದ್ದಿದ್ದರೆ ಇಲ್ಲದ ಬ್ಯಾಕ್ ಸ್ಪಿನ್ನನ್ನು ಎಣಿಸಲಾಗಿತ್ತು, ಇಲ್ಲವೆ ಇದ್ದ ಟಾಪ್ ಸ್ಪಿನ್ನನ್ನು ಕಾಣಲಿಲ್ಲ. ಪಕ್ಕಕ್ಕೆ ಹೋಗಿದ್ದರೆ ಅಡ್ಡ ಸುತ್ತು ಕಣ್ತಪ್ಪಿತ್ತು. ಒಂದು ಅಂಕ ಹೋದ ಮೇಲೆ ಚೆಂಡು ಹೋದ ದಿಕ್ಕನ್ನು ನೆನಪಿನಲ್ಲಿ ಇಟ್ಟುಕೊಂಡು, ಎದುರಾಳಿಯ ಬೀಸಿನ ಜೊತೆಗೆ ಅದನ್ನು ಹೋಲಿಸಿ ನೋಡುವ ಆಟಗಾರನು ಅದೇ ಸರ್ವಿಸಿಗೆ ಮತ್ತೆ ಸೋಲುವುದು ಕಡಿಮೆ.

ಇಷ್ಟೆಲ್ಲ ಓದು ನಿಂತಿರುವುದು ಒಂದು ನಂಬಿಕೆಯ ಮೇಲೆ: ಎದುರಾಳಿಯ ಬ್ಯಾಟಿನ ಮೈ ಎಂಥದು ಎಂಬುದು ಗೊತ್ತಿದೆ ಎಂಬ ನಂಬಿಕೆಯ ಮೇಲೆ. ಈ ನಂಬಿಕೆ ಅಲುಗಿದ ಸಂದರ್ಭಗಳು ಆಟದ ಇತಿಹಾಸದಲ್ಲಿವೆ. ಅವುಗಳಲ್ಲಿ ಒಂದು ಭಾರತದಲ್ಲಿಯೇ ನಡೆಯಿತು. 1952ರಲ್ಲಿ ಮುಂಬಯಿಯಲ್ಲಿ ವಿಶ್ವ ಚಾಂಪಿಯನ್‌ಷಿಪ್ ಪಂದ್ಯಗಳು ಜರುಗಿದವು. ಆಗಿನ ಬ್ಯಾಟುಗಳಿಗೆ ಗುಳ್ಳೆಗಳಿರುವ ತೆಳುವಾದ ರಬ್ಬರು ಮಾತ್ರ ಇರುತ್ತಿತ್ತು. ಚೆಂಡು ತಗುಲಿದಾಗ ಟಕ್ ಟಕ್ ಎಂಬ ಸದ್ದು ಕೇಳುತ್ತಿತ್ತು. ಜಪಾನಿನ ಹಿರೋಜಿ ಸಾಟೋ ದಪ್ಪನೆಯ ಸ್ಪಂಜು ಹೊದಿಸಿದ ಬ್ಯಾಟನ್ನು ಹಿಡಿದು ಬಂದರು. ಅದರಿಂದ ಸದ್ದೇ ಬರಲಿಲ್ಲ. ಕಿವಿಯ ನೆರವಿಲ್ಲದೆ, ಹೊಸ ಮೈಯಿಂದ ಚೆಂಡು ಹೇಗೆ ಹೊರಡುವುದೆಂಬ ಅರಿವಿಲ್ಲದೆ ಹೆಸರಾಂತ ಆಟಗಾರರು ಕಂಗೆಟ್ಟರು. ಸಾಟೋ ಪುರುಷರ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದರು. ಬ್ಯಾಟಿನ ಹೊದಿಕೆ ಎಂಥದಿರಬೇಕೆಂಬ ಪ್ರಶ್ನೆ ಆಗ ಎದ್ದಿತು. 1959ರಲ್ಲಿ ಸ್ಪಂಜು, ರಬ್ಬರು ಮತ್ತು ಅಂಟು ಸೇರಿ ಒಂದು ಮೈಯ ಹೊದಿಕೆ 4 ಮಿಲಿಮೀಟರಿಗೆ ಮೀರಬಾರದೆಂಬ ಮಿತಿ ಬಂದಿತು.

ಎರಡನೆಯ ಸಂದರ್ಭ ಇನ್ನೂ ಸೂಕ್ಷ್ಮವಾದುದು. ಹಿಡಿತವುಳ್ಳ ರಬ್ಬರಿಗೆ ವಿರುದ್ಧವಾಗಿ, ಚೆಂಡನ್ನು ಹಿಡಿಯದೆ ಜಾರಿಸುವ ನುಣುಪಾದ ರಬ್ಬರೂ ಉಂಟು. ಅದಕ್ಕೆ ಆಂಟಿ ಸ್ಪಿನ್ ರಬ್ಬರ್ ಎಂದು ಹೆಸರು. ಟಾಪ್ ಸ್ಪಿನ್ ಚೆಂಡು ಇಂಥ ರಬ್ಬರಿಗೆ ತಗುಲಿದರೆ ರಬ್ಬರು ಅದರ ಸುತ್ತನ್ನು ತಡೆಯುವುದೂ ಇಲ್ಲ, ತಿರುಗಿಸುವುದೂ ಇಲ್ಲ. ಚೆಂಡು ಮೊದಲಿನಂತೆಯೇ ತಿರುಗುತ್ತ ಹಿಂದಕ್ಕೆ ಹೊರಡುತ್ತದೆ. ಸುತ್ತು ಅದೇ, ಸಾಗುವ ದಿಕ್ಕು ಮಾತ್ರ ಬೇರೆ. ಹೋಗುವಾಗ ಮುಂದಕ್ಕೆ ಉರುಳುತ್ತಿದ್ದ ಮೇಲ್ಭಾಗ ಈಗ ಹಿಂದಕ್ಕೆ ಉರುಳಿದಂತಾಯಿತು. ಟಾಪ್ ಸ್ಪಿನ್ ಬ್ಯಾಕ್ ಸ್ಪಿನ್ನಾಗಿ ಮರಳಿತು! ಹೊಡೆದವನಿಗೆ ತಾನು ಕೊಟ್ಟ ಸುತ್ತೇ ಶತ್ರುವಾಗಿ ಬರುತ್ತದೆ. ಎದುರಾಳಿಯ ಬ್ಯಾಟು ಕೆಳಕ್ಕೆ ಚಲಿಸದಿದ್ದರೂ ಚೆಂಡು ಬ್ಯಾಕ್ ಸ್ಪಿನ್ ಪಡೆದಿರುವುದರಿಂದ, ಮೇಲೆ ಹೇಳಿದ ಸೂತ್ರ ಇಲ್ಲಿ ನಡೆಯುವುದಿಲ್ಲ. ಎದುರಾಳಿಯ ಬೀಸನ್ನಲ್ಲ, ತನ್ನದೇ ಹಿಂದಿನ ಹೊಡೆತವನ್ನು ನೆನಪಿಟ್ಟುಕೊಳ್ಳಬೇಕು.

ಬ್ಯಾಟಿನ ಒಂದು ಮೈಗೆ ಹಿಡಿತದ ರಬ್ಬರನ್ನೂ ಇನ್ನೊಂದಕ್ಕೆ ಆಂಟಿ ಸ್ಪಿನ್ ರಬ್ಬರನ್ನೂ ಅಂಟಿಸಿ, ಎರಡಕ್ಕೂ ಒಂದೇ ಬಣ್ಣವಿದ್ದರೆ ಗತಿಯೇನು? 1970ರ ದಶಕದಲ್ಲಿಯೂ 1980ರ ದಶಕದ ಆರಂಭದಲ್ಲಿಯೂ ಆಟಗಾರರು ಹೀಗೆಯೇ ಮಾಡುತ್ತಿದ್ದರು. ಮೇಜಿನ ಮರೆಯಲ್ಲಿ ಬ್ಯಾಟನ್ನು ಬೆರಳುಗಳ ನಡುವೆ ತಿರುಗಿಸಿ, ಯಾವ ಮೈಯಿಂದ ಹೊಡೆದೆವೆಂಬುದು ತಿಳಿಯದಂತೆ ಆಡುತ್ತಿದ್ದರು. ಎರಡು ರಬ್ಬರುಗಳ ಸದ್ದಿನಲ್ಲಿರುವ ವ್ಯತ್ಯಾಸವೂ ಕೇಳದಿರಲೆಂದು ಸರ್ವಿಸ್ ಮಾಡುವಾಗ ಕಾಲನ್ನು ನೆಲಕ್ಕೆ ಬಡಿಯುವವರಿದ್ದರು. ಚೀನದ ತ್ಸೈ ಝೆನ್‌ಹ್ವಾ ಇಂಥ ಬ್ಯಾಟಿನಿಂದ ಹೆಸರುವಾಸಿಯಾಗಿ 1981ರ ವಿಶ್ವ ಚಾಂಪಿಯನ್‌ಷಿಪ್ಪಿನ ಅಂತಿಮ ಪಂದ್ಯವನ್ನು ತಲಪಿದರು. ಒಂದೇ ಬೀಸು, ಒಂದೇ ಬಣ್ಣ, ಎರಡು ಫಲ. ಇಲ್ಲಿ ಬುದ್ಧಿಗೆ ಕೆಲಸವಿಲ್ಲ. ಬರಿಯ ಊಹೆಗೆ ಮಾತ್ರ ಅವಕಾಶ. ಓದಲು ಅಕ್ಷರವೇ ಇಲ್ಲದ ಪುಟದಂತೆ ಬ್ಯಾಟು ಆಗಿಹೋಗಿತ್ತು.

ಆಟವನ್ನು ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಇದನ್ನು ಸರಿಪಡಿಸಲು ರಬ್ಬರುಗಳನ್ನು ನಿಷೇಧಿಸಲಿಲ್ಲ. ಬ್ಯಾಟಿನ ಎರಡು ಮೈಗಳ ಬಣ್ಣ ಬೇರೆಬೇರೆಯಾಗಿರಬೇಕೆಂದು 1983ರಲ್ಲಿ ವಿಧಿಸಿತು. 1986ರಿಂದ ಒಂದು ಕೆಂಪು, ಇನ್ನೊಂದು ಕಪ್ಪು ಎಂದಾಯಿತು. 2021ರ ಅಕ್ಟೋಬರಿನಿಂದ ಕೆಂಪಿಗೆ ಬದಲಾಗಿ ಹಸಿರು, ನೀಲಿ, ನೇರಳೆ ಮುಂತಾದ ಬೇರೆ ಉಜ್ವಲ ಬಣ್ಣವಿದ್ದರೂ ಸಾಕು. ಇನ್ನೊಂದು ಮಾತ್ರ ಕಪ್ಪೇ ಆಗಿರಬೇಕು. ಪಂದ್ಯಕ್ಕೆ ಮೊದಲು ಎದುರಾಳಿಯ ಬ್ಯಾಟನ್ನು ಕೈಯಲ್ಲಿ ಹಿಡಿದು ನೋಡುವ ಹಕ್ಕೂ ಆಟಗಾರನಿಗಿದೆ. ಯಾವ ಬಣ್ಣದ ಮೈ ಹಿಡಿಯುತ್ತದೆ, ಯಾವುದು ಜಾರಿಸುತ್ತದೆ ಎಂಬುದನ್ನು ಆಗಲೇ ತಿಳಿದುಕೊಂಡರೆ, ಆಟದಲ್ಲಿ ಬಣ್ಣವೇ ಸುಳಿವು ಕೊಡುತ್ತದೆ.

ಸರ್ವಿಸಿಗೂ ಇದೇ ಉದ್ದೇಶದ ನಿಯಮಗಳಿವೆ. ಚೆಂಡು ತೆರೆದ ಅಂಗೈಯ ಮೇಲೆ ನಿಂತಿರಬೇಕು. ಅದನ್ನು ಕಡಮೆಯೆಂದರೆ 16 ಸೆಂಟಿಮೀಟರು ಮೇಲಕ್ಕೆ ಚಿಮ್ಮಿಸಿ, ಇಳಿಯುವಾಗ ಹೊಡೆಯಬೇಕು. 2002ರಿಂದ, ಚೆಂಡನ್ನು ದೇಹದಿಂದಾಗಲಿ ಬಿಡುವಾಗಿರುವ ತೋಳಿನಿಂದಾಗಲಿ ಎದುರಾಳಿಗೆ ಮರೆಮಾಡುವಂತಿಲ್ಲ. ಈ ನಿಯಮಗಳು ಮೋಸದ ಬೀಸನ್ನು ತಡೆಯುವುದಿಲ್ಲ. ಮುಟ್ಟಿದ ಕ್ಷಣವನ್ನು ಕಾಣುವ ಹಕ್ಕನ್ನು ಮಾತ್ರ ಕಾಪಾಡುತ್ತವೆ. ಕಂಡದ್ದನ್ನು ಸರಿಯಾಗಿ ಓದುವುದು ಅವರವರ ಕೌಶಲಕ್ಕೆ ಬಿಟ್ಟದ್ದು.

ಬಣ್ಣ ಗೊತ್ತಿದ್ದ ಮಾತ್ರಕ್ಕೆ ಆಂಟಿ ಸ್ಪಿನ್ ರಬ್ಬರಿನ ಕಷ್ಟ ಪೂರ್ತಿಯಾಗಿ ನೀಗುವುದಿಲ್ಲ ಎಂಬುದನ್ನು 2024ರ ಫೆಬ್ರವರಿಯಲ್ಲಿ ದಕ್ಷಿಣ ಕೊರಿಯದ ಬುಸಾನ್ ನಗರದಲ್ಲಿ ನಡೆದ ತಂಡಗಳ ವಿಶ್ವ ಚಾಂಪಿಯನ್‌ಷಿಪ್ ತೋರಿಸಿತು. ಬಂಗಾಳದ ಐಹಿಕಾ ಮುಖರ್ಜಿ ಬ್ಯಾಟಿನ ಒಂದು ಮೈಗೆ ಆಂಟಿ ಸ್ಪಿನ್ ರಬ್ಬರನ್ನು ಬಳಸುವ ಆಟಗಾರ್ತಿ. ಜಗತ್ತಿನ ಮೊದಲ ಸ್ಥಾನದಲ್ಲಿದ್ದ ಚೀನದ ಸುನ್ ಯಿಂಗ್‌ಶಾ ಅವರನ್ನು ಐಹಿಕಾ 12-10, 2-11, 13-11, 11-6ರಿಂದ ಸೋಲಿಸಿದರು. ಸುನ್ ಅವರಿಗೆ ಎರಡನೆಯ ಆಟದಲ್ಲಿ ಬ್ಯಾಟಿನ ಒಳಗುಟ್ಟು ತಿಳಿದಂತೆ ಕಂಡಿತು. ಆದರೂ ಮುಂದಿನ ಎರಡು ಆಟಗಳನ್ನು ಐಹಿಕಾ ಗೆದ್ದರು. ತಂಡವಾಗಿ ಭಾರತ ಆ ದಿನ 2-3ರಿಂದ ಚೀನಕ್ಕೆ ಸೋತಿತು. ಎದುರಾಳಿಯ ಬ್ಯಾಟನ್ನು ನೋಡುವುದರ ಜೊತೆಗೆ ತನ್ನ ಹಿಂದಿನ ಹೊಡೆತವನ್ನೂ ಪ್ರತಿ ಸಲವೂ ನೆನೆಯುವುದು ಅಗ್ರಮಾನ್ಯರಿಗೂ ಸುಲಭವಲ್ಲ.

ಅದೇ ವರ್ಷದ ಆಗಸ್ಟ್ ತಿಂಗಳಲ್ಲಿ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಭಾರತದ ಮಹಿಳಾ ತಂಡ ಕ್ವಾರ್ಟರ್ ಫೈನಲ್ಲಿನಲ್ಲಿ ಜರ್ಮನಿಯನ್ನು ಎದುರಿಸಿ 1-3ರಿಂದ ಸೋತಿತು. ಭಾರತಕ್ಕೆ ದೊರೆತ ಆ ಒಂದು ಗೆಲುವನ್ನು ತಂದವರು ಬೆಂಗಳೂರಿನ ಅರ್ಚನಾ ಕಾಮತ್. ಅವರು ಶಾನ್ ಶಿಯೋನಾ ಅವರನ್ನು ಮೂರು ಆಟಗಳಿಗೆ ಒಂದರಂತೆ ಸೋಲಿಸಿದರು; ಮೊದಲ ಆಟದ ಅಂಕಗಳು 19-17. ಈ ಅಂಕಗಳಲ್ಲಿ ಒಂದು ಲೆಕ್ಕ ಅಡಗಿದೆ. ಆಟ ಸಾಮಾನ್ಯವಾಗಿ 11 ಅಂಕಗಳಿಗೆ ಮುಗಿಯುತ್ತದೆ. ಇಬ್ಬರಿಗೂ 10 ಅಂಕಗಳಾದರೆ, ಒಬ್ಬರು ಎರಡು ಅಂಕ ಮುಂದಾಗುವವರೆಗೆ ಆಟ ಸಾಗುತ್ತದೆ. ಆಗ ಸರ್ವಿಸು ಪ್ರತಿ ಅಂಕಕ್ಕೂ ಕೈ ಬದಲಾಯಿಸುತ್ತದೆ. 10-10ರಿಂದ 19-17ಕ್ಕೆ ಹೋಗಬೇಕಾದರೆ 16 ಅಂಕಗಳನ್ನು ಆಡಿರಬೇಕು. ಅವುಗಳಲ್ಲಿ ಎಂಟು ಸಲ ಎದುರಾಳಿಯ ಸರ್ವಿಸು. ಅಂದರೆ, ಒಂದು ತಪ್ಪಿನಿಂದ ಆಟವೇ ಕೈಜಾರಬಹುದಾದ ಹೊತ್ತಿನಲ್ಲಿ, ಎಂಟು ಬಾರಿ ಅರ್ಚನಾ ಎದುರಿನ ಬ್ಯಾಟು ಇಳಿಯುತ್ತಿದೆಯೋ ಏರುತ್ತಿದೆಯೋ, ತುದಿಯಲ್ಲಿ ಮುಟ್ಟಿತೋ ಹಿಡಿಯ ಬಳಿ ಮುಟ್ಟಿತೋ ಎಂಬುದನ್ನು ನಿರ್ಧರಿಸಬೇಕಾಗಿತ್ತು. ಪ್ರತಿಯೊಂದು ನಿರ್ಧಾರಕ್ಕೂ ದೊರೆತ ಕಾಲ ಅರ್ಧ ಸೆಕೆಂಡಿನ ಆಸುಪಾಸು.

ಈ ಓದನ್ನು ಕಲಿಯುವುದಕ್ಕೆ ದೊಡ್ಡ ಸಲಕರಣೆಗಳು ಬೇಕಾಗಿಲ್ಲ. ಒಂದು ಹಳೆಯ ಚೆಂಡಿನ ಅರ್ಧಭಾಗಕ್ಕೆ ಮಸಿ ಬಳಿದರೆ ಸಾಕು. ಗೆಳೆಯನೊಬ್ಬನು ಆ ಚೆಂಡನ್ನು ಮೇಲಿನಿಂದಲೂ ಕೆಳಗಿನಿಂದಲೂ ಪಕ್ಕದಿಂದಲೂ ಸವರಿ ಕಳುಹಿಸುತ್ತಿರಬೇಕು. ಎದುರಿಗಿರುವವನು ಬ್ಯಾಟು ಮುಟ್ಟಿದ ಕೂಡಲೇ ಸುತ್ತಿನ ಬಗೆಯನ್ನು ಗಟ್ಟಿಯಾಗಿ ಹೇಳಿ, ಬಳಿಕ ಬಣ್ಣಗಳು ಹೊರಳುವುದನ್ನು ನೋಡಿ ತನ್ನ ಉತ್ತರವನ್ನು ಸರಿನೋಡಿಕೊಳ್ಳಬೇಕು. ಆಮೇಲೆ ಬ್ಯಾಟನ್ನು ನೆಟ್ಟಗೆ, ಅಲುಗಿಸದೆ ಹಿಡಿದು ಅದೇ ಚೆಂಡುಗಳನ್ನು ತಡೆದರೆ, ಪ್ರತಿಯೊಂದೂ ಎದುರಿನ ಬ್ಯಾಟು ಸಾಗಿದ ಕಡೆಗೇ ಜಾರಿಹೋಗುವುದು ಕಣ್ಣಿಗೆ ಕಾಣುತ್ತದೆ. ಹೀಗೆ ಕೆಲವು ದಿನ ಮಾಡಿದವನು ಬಿಳಿಯ ಚೆಂಡಿಗೆ ಮರಳಿದಾಗ, ಚೆಂಡಿನ ಮೇಲೆ ಬಣ್ಣವಿಲ್ಲದಿದ್ದರೂ ಉತ್ತರ ತಪ್ಪುವುದು ಕಡಿಮೆಯಾಗಿರುತ್ತದೆ. ಏಕೆಂದರೆ ಅವನ ದೃಷ್ಟಿ ಅಷ್ಟರಲ್ಲಿ ಚೆಂಡನ್ನು ಬಿಟ್ಟು ಬ್ಯಾಟಿನ ಕಡೆಗೆ ಹೊರಳಿರುತ್ತದೆ.